1300 ಮಿಲಿಲೀಟರಿನ ಡಬ್ಬಿಗೆ ಎಷ್ಟು ಊಟ ಹಿಡಿಸುತ್ತದೆ?

ಆನ್‌ಲೈನ್‌ನಲ್ಲಿ ಊಟದ ಡಬ್ಬಿ ಕೊಳ್ಳುವವರು ಹುಡುಕುವುದು ಬ್ರ್ಯಾಂಡಿನ ಹೆಸರನ್ನಲ್ಲ, ತಮ್ಮ ಅಗತ್ಯವನ್ನು. ‘ಆಫೀಸಿಗೆ ಸ್ಟೀಲ್ ಲಂಚ್ ಬಾಕ್ಸ್ 1 ಲೀಟರ್’, ‘ಸಾರು ಚೆಲ್ಲದ ಡಬ್ಬಿ’, ‘ಮಕ್ಕಳ ಟಿಫಿನ್ ಬಾಕ್ಸ್ ಚಿಕ್ಕದು’ ಎಂದು ಟೈಪ್ ಮಾಡುತ್ತಾರೆ. ಯಾರಿಗೆ, ಯಾವುದಕ್ಕೆ, ಎಷ್ಟು ಹಿಡಿಸಬೇಕು ಎಂಬುದು ಆ ನಾಲ್ಕೈದು ಪದಗಳಲ್ಲೇ ಇರುತ್ತದೆ. ಮಾರುವವರು ಬರೆಯುವ ವಿವರಣೆಯಲ್ಲಿ ಮಾತ್ರ ‘ಉತ್ತಮ ಗುಣಮಟ್ಟ, ಆಕರ್ಷಕ ವಿನ್ಯಾಸ, ಉಡುಗೊರೆಗೂ ಸೂಕ್ತ’ ಎಂದಿರುತ್ತದೆ. ಅಳತೆಯೆಂದು ಸಿಗುವುದು ಮಿಲಿಲೀಟರಿನ ಒಂದು ಅಂಕಿ. ಆ ಅಂಕಿ ಎಲ್ಲಿಂದ ಬಂತು ಎಂದು ತಿಳಿದರೆ, ಒಳ್ಳೆಯ ವಿವರಣೆಯಲ್ಲಿ ಏನಿರಬೇಕು ಎಂಬುದೂ ತಿಳಿಯುತ್ತದೆ.

ಎರಡು ಡಬ್ಬಿಯ ಒಂದು ದುಂಡು ಕ್ಯಾರಿಯರ್ ತೆಗೆದುಕೊಳ್ಳೋಣ. ಎರಡರ ಒಳ ಅಗಲವೂ 14 ಸೆಂ.ಮೀ. ಕೆಳಗಿನದರ ಎತ್ತರ 5 ಸೆಂ.ಮೀ., ಮೇಲಿನದರದು ಮೂರೂವರೆ. ಅಳೆಯಲು ಅಡುಗೆಮನೆಯ ತಕ್ಕಡಿ ಸಾಕು. ಖಾಲಿ ಡಬ್ಬಿಯನ್ನಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ, ತೂಕ ನೋಡಬೇಕು. ನೀರಿನ ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್. ಕೆಳಗಿನ ಡಬ್ಬಿಗೆ ಸುಮಾರು 770, ಮೇಲಿನದಕ್ಕೆ ಸುಮಾರು 540 ಬರುತ್ತದೆ. ಎರಡನ್ನೂ ಕೂಡಿಸಿ ಶೀರ್ಷಿಕೆಯಲ್ಲಿ ‘1300 ಮಿ.ಲೀ.’ ಎಂದು ಹಾಕುವುದು ವಾಡಿಕೆ.

ಲೆಕ್ಕ ತಪ್ಪಲ್ಲ, ಆದರೆ ಅಂಚಿನವರೆಗೆ ಊಟ ತುಂಬುವವರು ಯಾರೂ ಇಲ್ಲ. ಮೇಲಿನ ಡಬ್ಬಿಯ ತಳ ಕೆಳಗಿನ ಡಬ್ಬಿಯೊಳಕ್ಕೆ ಸ್ವಲ್ಪ ಇಳಿದು ಕೂರುತ್ತದೆ, ಮುಚ್ಚಳವೂ ಹಾಗೆಯೇ. ಪದಾರ್ಥ ಅದಕ್ಕೆ ಮೆತ್ತದಂತೆ ಒಂದು ಸೆಂಟಿಮೀಟರ್ ಜಾಗ ಬಿಡಲೇಬೇಕು. ಇಷ್ಟು ಅಗಲದ ಡಬ್ಬಿಯಲ್ಲಿ ಆ ಒಂದು ಸೆಂಟಿಮೀಟರ್ ಎಂದರೆ 150 ಮಿ.ಲೀ.ಗೂ ಹೆಚ್ಚು. ಹೀಗಾಗಿ ಕೆಳಗೆ ನಿಜವಾಗಿ ಹಿಡಿಸುವುದು 600, ಮೇಲೆ 380ರ ಆಸುಪಾಸು. 1300 ಎಂದು ತರಿಸಿಕೊಂಡ ಡಬ್ಬಿಗೆ ಒಂದು ಲೀಟರೂ ತುಂಬುವುದಿಲ್ಲ. ಕೊಂಡವರು ‘ಫೋಟೋದಲ್ಲಿ ದೊಡ್ಡದಾಗಿ ಕಂಡಿತ್ತು’ ಎಂದು ವಾಪಸ್ ಕಳಿಸುತ್ತಾರೆ, ಮಾರಿದವರಿಗೆ ಸಾಗಣೆಯ ಖರ್ಚು ಬೀಳುತ್ತದೆ. ಎರಡೂ ಅಂಕಿಗಳನ್ನು ಬರೆದರೆ ಇದಕ್ಕೆ ಪರಿಹಾರ ಸಿಗುತ್ತದೆ: ಅಂಚಿನವರೆಗೆ ಎಷ್ಟು, ಮುಚ್ಚಿ ಒಯ್ಯುವಂತೆ ಎಷ್ಟು. ಒಟ್ಟು ಮೊತ್ತಕ್ಕಿಂತ ಒಂದೊಂದು ಡಬ್ಬಿಯ ಅಳತೆ ಮುಖ್ಯ, ಏಕೆಂದರೆ ಅನ್ನಕ್ಕೆ ಜಾಗ ಸಾಲದಿದ್ದರೆ ಪಲ್ಯದ ಡಬ್ಬಿಯಲ್ಲಿ ಜಾಗ ಉಳಿದು ಪ್ರಯೋಜನವಿಲ್ಲ.

ಮಿಲಿಲೀಟರ್ ಎಂದರೆ ಕಣ್ಣಿಗೆ ಕಟ್ಟುವ ಅಳತೆಯೂ ಅಲ್ಲ. ಮನೆಯ ಸಾಧಾರಣ ನೀರಿನ ಲೋಟಕ್ಕೆ ಸುಮಾರು 200 ಮಿ.ಲೀ. ಹಿಡಿಸುತ್ತದೆ. ‘ಕೆಳಗಿನ ಡಬ್ಬಿಯಲ್ಲಿ ಮೂರು ಲೋಟ ಅನ್ನ, ಮೇಲಿನದರಲ್ಲಿ ಸುಮಾರು ಎರಡು ಲೋಟ ಪಲ್ಯ ಅಥವಾ ಮೊಸರನ್ನ’ ಎಂದು ಬರೆದರೆ ಯಾರಿಗೆ ಸಾಕು, ಯಾರಿಗೆ ಸಾಲದು ಎಂದು ಓದುವವರೇ ತೀರ್ಮಾನಿಸುತ್ತಾರೆ.

ಚಪಾತಿ, ಇಡ್ಲಿಯ ಸಂಗತಿಯೇ ಬೇರೆ. ಅಲ್ಲಿ ಮಿಲಿಲೀಟರ್ ಕೆಲಸಕ್ಕೆ ಬಾರದು, ಒಳ ಅಗಲ ಬೇಕು. ಏಳು ಸೆಂಟಿಮೀಟರಿನ ಮೂರು ಇಡ್ಲಿ ಒಂದೇ ಪದರದಲ್ಲಿ ಕೂರಬೇಕಾದರೆ ದುಂಡು ಡಬ್ಬಿಯ ಒಳ ಅಗಲ 15 ಸೆಂಟಿಮೀಟರಿಗಿಂತ ತುಸು ಹೆಚ್ಚೇ ಇರಬೇಕು. ನಮ್ಮ 14 ಸೆಂಟಿಮೀಟರಿನ ಡಬ್ಬಿಯಲ್ಲಿ ಪದರಕ್ಕೆ ಎರಡೇ, ಅದೂ ಅಂಚಿಗೆ ತಾಗಿಕೊಂಡು. 770 ಮಿ.ಲೀ. ಎಂಬ ಅಂಕಿ ನೋಡಿ ಏಳೆಂಟು ಇಡ್ಲಿ ಹಿಡಿಸೀತು ಎಂದುಕೊಂಡವರಿಗೆ ಸಿಗುವುದು ನಾಲ್ಕು ಇಡ್ಲಿಯ ಜಾಗ. 12 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ಇನ್ನೊಂದು ಡಬ್ಬಿಗೂ ಹೆಚ್ಚುಕಡಿಮೆ ಇಷ್ಟೇ ನೀರು ಹಿಡಿಸುತ್ತದೆ. ಆದರೆ ಅದು ಬಿಸಿಬೇಳೆಬಾತಿಗೆ ಚೆನ್ನು, ಚಪಾತಿಗೆ ಒಗ್ಗದು. 18 ಸೆಂಟಿಮೀಟರಿನ ಚಪಾತಿಯನ್ನು 14ರ ಡಬ್ಬಿಗೆ ಮಡಚಿ ಹಾಕಬಹುದು, 12ರದರಲ್ಲಿ ಅದು ಹಾಗೆ ಚಪ್ಪಟೆಯಾಗಿ ಕೂರುವುದಿಲ್ಲ. ಆದ್ದರಿಂದ ವಿವರಣೆಯಲ್ಲಿ ಒಳ ಅಗಲ, ಒಳ ಎತ್ತರ ಎರಡೂ ಇರಬೇಕು. ಹಲವರು ಹಿಡಿ, ಕ್ಲಿಪ್ ಎಲ್ಲ ಸೇರಿಸಿ ಹೊರಗಿನ ಅಳತೆಯನ್ನಷ್ಟೇ ಕೊಡುತ್ತಾರೆ. ಅದು ಬ್ಯಾಗಿನಲ್ಲಿ ಹಿಡಿಸುತ್ತದೆಯೇ ಎಂದು ನೋಡಲು ಬೇಕಾದ ಅಳತೆ, ಊಟಕ್ಕಲ್ಲ.

‘ಸೋರುವುದಿಲ್ಲ’ ಎಂಬ ಒಂದು ಪದ ಬಹಳ ಮಂದಿಯ ಬ್ಯಾಗು, ಪುಸ್ತಕ ಕೆಡಿಸಿದೆ. ಮುಚ್ಚಳದ ಒಳಗೆ ಸಿಲಿಕೋನ್ ರಬ್ಬರಿನ ಬಳೆ ಇಲ್ಲದ, ಬರಿಯ ಕ್ಲಿಪ್ಪಿನ ಕ್ಯಾರಿಯರ್ ಸಾರನ್ನು ತಡೆಯುವುದಿಲ್ಲ. ನೆಟ್ಟಗೆ ಹಿಡಿದು ಒಯ್ದರೆ ಸರಿ, ಬ್ಯಾಗಿನಲ್ಲಿ ಮಲಗಿದರೆ ಚೆಲ್ಲುತ್ತದೆ. ರಬ್ಬರ್ ಇದ್ದರೂ ತಣ್ಣೀರಿನ ಪರೀಕ್ಷೆ ಸಾಲದು. ಬಿಸಿ ಸಾರು ಹಾಕಿ ಕೂಡಲೇ ಮುಚ್ಚಿದರೆ ಒಳಗಿನ ಗಾಳಿ ಹಿಗ್ಗಿ, ಆವಿಯೂ ಸೇರಿ ಮುಚ್ಚಳವನ್ನು ಮೇಲಕ್ಕೆ ಒತ್ತುತ್ತದೆ. ತಣ್ಣೀರನ್ನು ತಡೆದ ಡಬ್ಬಿಯೇ ಆಗ ಅಂಚಿನಲ್ಲಿ ಒಸರುತ್ತದೆ. ಆರಿದ ಮೇಲೆ ಒತ್ತಡ ಇಳಿದು ಮುಚ್ಚಳ ಒಳಕ್ಕೆ ಎಳೆದುಕೊಂಡು ಬಿಗಿಯುತ್ತದೆ, ಚಿಕ್ಕ ಮಕ್ಕಳ ಕೈಗೆ ಬಿಚ್ಚಲು ಬರುವುದಿಲ್ಲ. ಹಾಗಾಗಿ ಬಿಸಿನೀರು ಹಾಕಿ, ಹತ್ತು ನಿಮಿಷ ಹಳೆಯ ಪತ್ರಿಕೆಯ ಮೇಲೆ ಮಗುಚಿಟ್ಟು ನೋಡಿ, ಕಂಡದ್ದನ್ನೇ ಬರೆಯಬೇಕು. ಮಕ್ಕಳ ಡಬ್ಬಿಯಾದರೆ ಕ್ಲಿಪ್ಪನ್ನು ಆ ವಯಸ್ಸಿನ ಮಗುವಿನ ಕೈಯಲ್ಲೇ ತೆಗೆಸಿ ನೋಡುವುದು ಅವಶ್ಯ.

ಸ್ಟೀಲಿನ ದರ್ಜೆಯ ವಿಷಯದಲ್ಲೂ ಗೊಂದಲವಿದೆ. 304 ಎಂದರೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ ಉಕ್ಕು. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್ ಹೆಚ್ಚು. ಉಪ್ಪು, ಹುಳಿ ತಾಗುವ ಕಡೆ ಅದರ ಬಾಳಿಕೆ ಕಡಿಮೆ. ‘ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ 304’ ಎಂಬ ಮಾತನ್ನು ನಂಬಬೇಡಿ. 202ಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ, ಒತ್ತಿ ರೂಪ ಕೊಟ್ಟ 304ರ ಮೂಲೆಗಳಿಗೆ ಕೆಲವೊಮ್ಮೆ ತುಸು ಅಂಟುತ್ತದೆ. ತಯಾರಕರ ಬಿಲ್ಲಿನಲ್ಲಿ ದರ್ಜೆ ನಮೂದಾಗಿದ್ದರೆ ಮಾತ್ರ ಅದನ್ನು ಬರೆಯುವುದು ನ್ಯಾಯ.

ಇಷ್ಟನ್ನು ಸೇರಿಸಿದರೆ ನಮ್ಮ ಕ್ಯಾರಿಯರಿನ ವಿವರಣೆ ಹೀಗಾಗುತ್ತದೆ:

‘ಆಫೀಸಿಗೆ ಸ್ಟೀಲ್ ಲಂಚ್ ಬಾಕ್ಸ್, 2 ಡಬ್ಬಿ, 770 + 540 ಮಿ.ಲೀ. ಒಬ್ಬರ ಊಟಕ್ಕೆ. ಮುಚ್ಚಿ ಒಯ್ಯುವಂತೆ ತುಂಬಿದರೆ 600 + 380 ಮಿ.ಲೀ.: ಮೂರು ಲೋಟ ಅನ್ನ, ಸುಮಾರು ಎರಡು ಲೋಟ ಪಲ್ಯ. ಒಳ ಅಗಲ 14 ಸೆಂ.ಮೀ., ಒಳ ಎತ್ತರ 5 ಮತ್ತು 3.5 ಸೆಂ.ಮೀ. ಚಪಾತಿಯನ್ನು ಮಡಚಿ ಹಾಕಬೇಕು. ರಬ್ಬರ್ ಬಳೆ ಇಲ್ಲ. ಸಾರು, ಮಜ್ಜಿಗೆಗೆ ಸೂಕ್ತವಲ್ಲ. ಒಂದೇ ಪದರದ ಸ್ಟೀಲ್, ಊಟ ಬಿಸಿಯಾಗಿ ಉಳಿಯುವುದಿಲ್ಲ. ಮೈಕ್ರೋವೇವ್‌ನಲ್ಲಿ ಇಡಬಾರದು.’

ಹುಡುಕುವವರು ಬಳಸುವ ಪದಗಳೆಲ್ಲ ಮೊದಲ ಸಾಲಿನಲ್ಲೇ ಇವೆ. ಮೊಬೈಲಿನ ಪರದೆಯಲ್ಲಿ ಶೀರ್ಷಿಕೆಯ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಉಪಯೋಗ ಮತ್ತು ಅಳತೆ ಅಲ್ಲಿಯೇ ಬರಬೇಕು. ‘ಸಾರಿಗೆ ಸೂಕ್ತವಲ್ಲ’ ಎಂದು ಬರೆದರೆ ಗಿರಾಕಿ ತಪ್ಪಿಹೋಗುತ್ತಾರೆ ಎಂದು ಮಾರುವವರು ಅಂಜುತ್ತಾರೆ. ತಪ್ಪಿಹೋಗುವುದು ಹೇಗೂ ಡಬ್ಬಿಯನ್ನು ಹಿಂದಿರುಗಿಸಲಿದ್ದ ಗಿರಾಕಿ ಮಾತ್ರ.

ಕೊಳ್ಳುವವರು ಇನ್ನೊಂದು ವಿಷಯ ನೆನಪಿಡಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಡಬ್ಬಿ ಕೈಸೇರಿದ ದಿನವೇ ನೀರು ತುಂಬಿ ತೂಗಿ ನೋಡಿ. ಬರೆದ ಅಳತೆಗೆ ಕಡಿಮೆ ಬಂದರೆ, ತಕ್ಕಡಿಯ ಅಂಕಿ ಕಾಣುವಂತೆ ಫೋಟೋ ತೆಗೆದು ದೂರಿನ ಜೊತೆ ಕಳಿಸಿ.