ಎಂಟು ಬಿಲ್ಲೆಗಳ ಸಮ-ಬೆಸ

ಮೂರು ಸಾಲು, ಸಾಲಿಗೆ ಮೂರು ಮನೆ. ಒಂದರಿಂದ ಎಂಟರವರೆಗೆ ಅಂಕಿ ಬರೆದ ಎಂಟು ಬಿಲ್ಲೆಗಳು, ಒಂದು ಖಾಲಿ ಮನೆ. ಖಾಲಿ ಮನೆಯ ಪಕ್ಕದ ಬಿಲ್ಲೆಯನ್ನು ಅಲ್ಲಿಗೆ ಸರಿಸುತ್ತಾ ಹೋಗಿ ಅಂಕಿಗಳನ್ನು ಕ್ರಮಕ್ಕೆ ತರಬೇಕು, ಕೊನೆಯ ಮನೆ ಖಾಲಿ ಉಳಿಯಬೇಕು. ಆಟವನ್ನು ಆಡುವುದರಿಂದಲೇ ಕಲಕಿದ್ದರೆ ಬಿಡಿಸಲು ದಾರಿ ಇದ್ದೇ ಇರುತ್ತದೆ; ಬಂದ ಹೆಜ್ಜೆಗಳಲ್ಲೇ ಹಿಂದಿರುಗಿದರಾಯಿತು. ಬಿಲ್ಲೆಗಳನ್ನು ಕಿತ್ತು ಮನಬಂದಂತೆ ಮತ್ತೆ ಕೂರಿಸಿದಾಗ ಮಾತ್ರ ಆ ಭರವಸೆ ಇಲ್ಲ. ಹಾಗೆ ಕೂರಿಸಬಹುದಾದ ವಿನ್ಯಾಸಗಳು ಒಟ್ಟು 3,62,880. ಅವುಗಳಲ್ಲಿ ಸರಿಯಾಗಿ ಅರ್ಧದಷ್ಟನ್ನು ಎಷ್ಟು ಜಾಣನಾದರೂ ಬಿಡಿಸಲಾರ.

ಮುಂದಿರುವ ವಿನ್ಯಾಸ ಯಾವ ಅರ್ಧಕ್ಕೆ ಸೇರಿದ್ದೆಂದು ಒಂದು ಬಿಲ್ಲೆಯನ್ನೂ ಸರಿಸದೆ ಹೇಳಬಹುದು. ಇದನ್ನು ನೋಡಿ:

```
8 1 3
4 _ 2
7 6 5
```

ಖಾಲಿ ಮನೆಯನ್ನು ಬಿಟ್ಟು, ಪುಸ್ತಕ ಓದುವಂತೆ ಸಾಲುಸಾಲಾಗಿ ಓದಿ: 8 1 3 4 2 7 6 5. ಇದರಲ್ಲಿ ದೊಡ್ಡ ಅಂಕಿ ಮೊದಲು, ಚಿಕ್ಕದು ಆಮೇಲೆ ಬಂದಿರುವ ಜೋಡಿಗಳನ್ನು ಎಣಿಸಬೇಕು. ಅವು ಪಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. 8ರ ನಂತರ ಬಂದ ಏಳೂ ಅಂಕಿಗಳು ಅದಕ್ಕಿಂತ ಚಿಕ್ಕವು, ಹಾಗಾಗಿ ಏಳು ಜೋಡಿ. 3ರ ನಂತರ 2 ಬಂದಿದೆ, 4ರ ನಂತರವೂ ಅದೇ 2; ಅಲ್ಲಿಗೆ ಒಂಬತ್ತು. 7ರ ನಂತರ 6 ಮತ್ತು 5, 6ರ ನಂತರ 5. ಒಟ್ಟು ಹನ್ನೆರಡು ಹಿಂದುಮುಂದಾದ ಜೋಡಿಗಳು. ಹನ್ನೆರಡು ಸಮಸಂಖ್ಯೆ, ಆದ್ದರಿಂದ ಇದನ್ನು ಬಿಡಿಸಬಹುದು. ಎಣಿಕೆ ಬೆಸ ಬಂದಿದ್ದರೆ ಆಗುತ್ತಿರಲಿಲ್ಲ.

ಯಾಕೆ ಹೀಗೆ? ಕಾರಣ ಎಣಿಕೆಗಿಂತಲೂ ಸೊಗಸಾಗಿದೆ. ಬಿಲ್ಲೆಯನ್ನು ಎಡಕ್ಕೋ ಬಲಕ್ಕೋ ಸರಿಸಿದರೆ ನಾವು ಓದಿದ ಕ್ರಮ ಬದಲಾಗುವುದೇ ಇಲ್ಲ. ಖಾಲಿ ಮನೆಯನ್ನು ನಾವು ಓದುವುದಿಲ್ಲವಲ್ಲ. ಮೇಲೆ ಕೆಳಗೆ ಸರಿಸಿದಾಗ ಮಾತ್ರ ಬದಲಾವಣೆ. ಸಾಲಿಗೆ ಮೂರೇ ಮನೆ ಇರುವುದರಿಂದ, ಹಾಗೆ ಸರಿದ ಬಿಲ್ಲೆ ಓದುವ ಕ್ರಮದಲ್ಲಿ ಸರಿಯಾಗಿ ಎರಡು ಬಿಲ್ಲೆಗಳನ್ನು ದಾಟುತ್ತದೆ. ಮೇಲಿನ ಚಿತ್ರದಲ್ಲಿ 1ನ್ನು ಕೆಳಗಿಳಿಸಿ. ಅದು 3 ಮತ್ತು 4ನ್ನು ದಾಟಿ ಅವುಗಳ ಹಿಂದೆ ಹೋಗುತ್ತದೆ, ಎರಡು ಹೊಸ ಜೋಡಿಗಳು ಕೆಡುತ್ತವೆ, ಎಣಿಕೆ 14 ಆಗುತ್ತದೆ. ಅದರ ಬದಲು 6ನ್ನು ಮೇಲೆತ್ತಿದ್ದರೆ ಅದು 2 ಮತ್ತು 7ನ್ನು ದಾಟುತ್ತಿತ್ತು. 7ರ ಜೊತೆಗಿನ ಜೋಡಿ ಸರಿಹೋಗಿ, 2ರ ಜೊತೆಗಿನದು ಕೆಟ್ಟು, ಎಣಿಕೆ 12ರಲ್ಲೇ ನಿಲ್ಲುತ್ತಿತ್ತು. ದಾಟಿದ ಎರಡರಲ್ಲಿ ಎರಡೂ ಕೆಡಬಹುದು, ಎರಡೂ ಸರಿಹೋಗಬಹುದು, ಅಥವಾ ಒಂದು ಕೆಟ್ಟು ಇನ್ನೊಂದು ಸರಿಹೋಗಬಹುದು, ನಾಲ್ಕನೆಯ ದಾರಿಯಿಲ್ಲ. ಎಣಿಕೆ ಎರಡು ಏರುತ್ತದೆ, ಎರಡು ಇಳಿಯುತ್ತದೆ, ಇಲ್ಲವೇ ಇದ್ದಲ್ಲೇ ಇರುತ್ತದೆ. ಸಮ ಯಾವತ್ತೂ ಬೆಸ ಆಗದು, ಬೆಸ ಸಮ ಆಗದು. ಕ್ರಮವಾಗಿರುವ ಗುರಿಯಲ್ಲಿ ಕೆಟ್ಟ ಜೋಡಿಗಳು ಸೊನ್ನೆ, ಸೊನ್ನೆ ಸಮ. ಹಾಗಾಗಿ 7 ಮತ್ತು 8 ಮಾತ್ರ ಅದಲುಬದಲಾದ, ನೋಡಲು ತೀರಾ ಸುಲಭವೆನಿಸುವ ವಿನ್ಯಾಸದಲ್ಲಿ ಎಣಿಕೆ ಒಂದು; ಅದು ಎಂದಿಗೂ ಬಿಡುವುದಿಲ್ಲ.

ಬೆಸವಾದರೆ ಆಗದು ಎಂದಷ್ಟೇ ಈ ವಾದ ತೋರಿಸುತ್ತದೆ. ಸಮವಾದವೆಲ್ಲ ಬಿಡುತ್ತವೆಯೇ ಎಂಬುದು ಬೇರೆಯೇ ಪ್ರಶ್ನೆ. ಬಿಡುತ್ತವೆ: 1,81,440 ಸಮ ವಿನ್ಯಾಸಗಳನ್ನೂ 31 ಅಥವಾ ಅದಕ್ಕಿಂತ ಕಡಿಮೆ ಸರಿಸುವಿಕೆಗಳಲ್ಲಿ ಗುರಿ ಮುಟ್ಟಿಸಬಹುದು.

ಎಡವುವುದು ಸಾಮಾನ್ಯವಾಗಿ ಗುರಿಯ ವಿಷಯದಲ್ಲಿ. ಕೆಲವು ಕಡೆ ಅಂಕಿಗಳನ್ನು ಸುತ್ತಲೂ ಬಳೆಯಂತೆ ಜೋಡಿಸಿ ನಡುಮನೆ ಖಾಲಿ ಬಿಡುವುದು ಗುರಿ:

```
1 2 3
8 _ 4
7 6 5
```

ಇದನ್ನು ಓದಿದರೆ 1 2 3 8 4 7 6 5, ಕೆಟ್ಟ ಜೋಡಿಗಳು ಏಳು. ಗುರಿಯೇ ಬೆಸ! ಇಲ್ಲಿ ತೀರ್ಪು ತಿರುಗುಮುರುಗು: ನಮ್ಮ 12ರ ವಿನ್ಯಾಸ ಈ ಗುರಿ ಮುಟ್ಟದು, 7-8 ಅದಲುಬದಲಾದದ್ದು ಮುಟ್ಟುತ್ತದೆ. ಆದ್ದರಿಂದ ಆರಂಭ ಮತ್ತು ಗುರಿ ಎರಡನ್ನೂ ಎಣಿಸಿ. ಎರಡೂ ಸಮ ಅಥವಾ ಎರಡೂ ಬೆಸ ಆಗಿರಬೇಕು. ಅಂಕಿಯ ಬದಲು ಚಿತ್ರವಿರುವ ಆಟದಲ್ಲಿ ಎರಡು ಬಿಲ್ಲೆಗಳು ಗುರುತು ಹತ್ತದಷ್ಟು ಒಂದೇ ಥರ ಇದ್ದರೆ ಯಾವ ತಡೆಯೂ ಇಲ್ಲ. ಅವೆರಡರ ಹೆಸರನ್ನು ಮನಸ್ಸಿನಲ್ಲೇ ಅದಲುಬದಲು ಮಾಡಿದರೆ ಬೆಸ ಸಮವಾಗುತ್ತದೆ.

ಇದೇ ಸೂತ್ರವನ್ನು ಹದಿನೈದು ಬಿಲ್ಲೆಗಳ ಆಟಕ್ಕೆ ನೇರವಾಗಿ ಹಚ್ಚಬೇಡಿ. ಅಲ್ಲಿ ಸಾಲಿಗೆ ನಾಲ್ಕು ಮನೆ. ಮೇಲೆ ಕೆಳಗೆ ಸರಿದ ಬಿಲ್ಲೆ ಮೂರನ್ನು ದಾಟುತ್ತದೆ, ಪ್ರತಿ ಸಲವೂ ಸಮ-ಬೆಸ ಬದಲಾಗುತ್ತದೆ. ಆದ್ದರಿಂದ ಖಾಲಿ ಮನೆ ಎಷ್ಟನೇ ಸಾಲಿನಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1880ರ ಹೊತ್ತಿಗೆ ಅಮೆರಿಕದಲ್ಲಿ ಹುಚ್ಚು ಹಿಡಿಸಿದ್ದು ಈ ದೊಡ್ಡ ಆಟವೇ. ಒಗಟುಗಾರ ಸ್ಯಾಮ್ ಲಾಯ್ಡ್ ಮುಂದೆ, 14 ಮತ್ತು 15 ಮಾತ್ರ ಅದಲುಬದಲಾದ ವಿನ್ಯಾಸವನ್ನು ಬಿಡಿಸಿದವರಿಗೆ 1000 ಡಾಲರ್ ಬಹುಮಾನವೆಂದ. ಅದು ಅಸಾಧ್ಯವೆಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರಲ್ಲೇ ಅಮೆರಿಕದ ಗಣಿತ ಪತ್ರಿಕೆಯೊಂದರಲ್ಲಿ ಸಾಧಿಸಿ ತೋರಿಸಿದ್ದರು. ಆ ಬಹುಮಾನ ಯಾರಿಗೂ ದಕ್ಕಲಿಲ್ಲ.