ಬರೀ ‘ದುಡ್ಡು’ ಎಂದು ಬಂದಾಗ

ತಂಡಕ್ಕೆ ಹೊಸದಾಗಿ ಸೇರಿದ ಗೆಳೆಯರೇ,

ನಾಳೆಯಿಂದ ಯುಪಿಐ ಪಾವತಿಯ ದೂರುಗಳ ಚಾಟ್ ನಿಮ್ಮ ಕೈಗೆ ಬರುತ್ತದೆ. ‘ಹಲೋ’, ‘ಸರ್’, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ, ಕೆಲವೊಮ್ಮೆ ಏನೂ ಇಲ್ಲದ ಸಂದೇಶ, ಎಲ್ಲವೂ ಬರುತ್ತವೆ. ‘ವಿವರ ಸಾಲದು’ ಎಂದು ಬರೆದು ಟಿಕೆಟ್ ಮುಚ್ಚಲು ಕೈ ಹೋಗುತ್ತದೆ. ದಯವಿಟ್ಟು ಮುಚ್ಚಬೇಡಿ.

ಫೋನಿನಲ್ಲಿ ಮಾತಾಡಿ ರೂಢಿಯಾದವರು ‘ಹಲೋ’ ಅಂದು, ಆ ಕಡೆಯಿಂದ ದನಿ ಬರಲಿ ಎಂದು ಕಾಯುತ್ತಾರೆ. ಅವರ ಮಾತು ಇನ್ನೂ ಶುರುವಾಗಿರುವುದಿಲ್ಲ, ಅಷ್ಟೇ. ಸ್ಕ್ರೀನ್‌ಶಾಟ್ ಕಳಿಸುವಾಗ ನೆಟ್‌ವರ್ಕ್ ಕೈಕೊಟ್ಟರೆ ನಮಗೆ ಖಾಲಿ ಸಂದೇಶ ಸಿಗಬಹುದು. ಕಳಿಸಿದವರು ಮಾತ್ರ ಎಲ್ಲವನ್ನೂ ಹೇಳಿಯಾಯಿತು ಎಂದುಕೊಂಡಿರುತ್ತಾರೆ.

ರಾತ್ರಿ ಎಂಟೂವರೆಗೆ ‘ದುಡ್ಡು’ ಎಂದಷ್ಟೇ ಬಂತೆನ್ನಿ. ಪ್ರಶ್ನೆ ಕೇಳುವ ಮೊದಲು ಆ ನಂಬರಿನ ಕಳೆದ ಒಂದು ಗಂಟೆಯ ವ್ಯವಹಾರ ನೋಡಿ. ಹತ್ತು ನಿಮಿಷದ ಹಿಂದೆ ಅಂಗಡಿಯೊಂದಕ್ಕೆ ಮಾಡಿದ ಪಾವತಿ ಪೆಂಡಿಂಗ್ ಎಂದು ತೋರಿಸುತ್ತಿದ್ದರೆ, ಅವರು ಇನ್ನೂ ಗಲ್ಲಾಪೆಟ್ಟಿಗೆಯ ಮುಂದೆಯೇ ನಿಂತಿರಬಹುದು. ಆಗ ‘ನಿಮ್ಮ ಸಮಸ್ಯೆಯನ್ನು ವಿವರವಾಗಿ ತಿಳಿಸಿ, 12 ಅಂಕಿಯ ಯುಟಿಆರ್ ಸಂಖ್ಯೆ ಕಳಿಸಿ’ ಎಂದರೆ ಅವರಿಗೆ ಏನೂ ತೋಚದು. ಹೀಗೆ ಬರೆಯಿರಿ: ‘ನಮಸ್ಕಾರ. ಈಗಷ್ಟೇ ಮಾಡಿದ ಪಾವತಿಯ ಬಗ್ಗೆ ಕೇಳುತ್ತಿದ್ದೀರಾ? ಹೌದಾದರೆ 1 ಒತ್ತಿ, ಬೇರೆ ವಿಷಯವಾದರೆ 2 ಒತ್ತಿ.’ ಅವರು ಕನ್ನಡದಲ್ಲಿ ಬರೆದಿದ್ದರೆ ನೀವೂ ಕನ್ನಡದಲ್ಲೇ ಬರೆಯಿರಿ.

ಮೊದಲ ಉತ್ತರದಲ್ಲಿ ಮೊತ್ತವನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಹೇಳಬೇಡಿ; ಫೋನ್ ಬೇರೆಯವರ ಕೈಯಲ್ಲಿರಬಹುದು. ಒಟಿಪಿ, ಪಿನ್ ಯಾವತ್ತೂ ಕೇಳುವಂತಿಲ್ಲ.

‘1’ ಎಂದು ಬಂದರೆ, ಪೆಂಡಿಂಗ್ ತೀರ್ಮಾನವಾಗುವ ತನಕ ಮತ್ತೆ ಪಾವತಿ ಮಾಡಬೇಡಿ, ಎರಡು ಸಲ ಹೋಗಬಹುದು ಎಂದು ಮೊದಲು ತಿಳಿಸಿ. ಆಮೇಲೆ ನಿಯಮ ಹೇಳಿ. ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಚಿತವಾಗದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯಕ್ತಿಯ ಖಾತೆಗೆ ಕಳಿಸಿದ್ದಾದರೆ ಗಡುವು ಒಂದೇ ದಿನ. ಈ ನಾಲ್ಕು ಮಾತು ಎಷ್ಟೋ ಜನರ ಆತಂಕ ಇಳಿಸುತ್ತದೆ.

ಉತ್ತರವೇ ಬಾರದಿದ್ದರೆ? ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆ ಮಾತ್ರ ನಾವು ನಮ್ಮ ಮಾತಿನಲ್ಲಿ ಬರೆಯಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಸಂದೇಶಗಳಷ್ಟೇ ಹೋಗುತ್ತವೆ. ಖಾಲಿ ಸಂದೇಶವೊಂದು ಬಂದರೂ ಆ ಗಡಿಯಾರ ಶುರು. ಆದ್ದರಿಂದ ಸಂಜೆ ಪಾಳಿ ಮುಗಿಸುವಾಗ ಮೌನವಾಗಿರುವ ಚಾಟ್‌ಗಳನ್ನು ಒಮ್ಮೆ ತೆರೆದು ನೋಡಿ. ಸಮಯ ಉಳಿದಿದ್ದರೆ ಇನ್ನೊಂದು ಸಾಲು ಬರೆದು, ಬೆಳಗಿನ ಪಾಳಿಯವರಿಗೆ ಟಿಪ್ಪಣಿ ಬಿಟ್ಟು ಹೋಗಿ.