ಐದು ಕರಿಮನೆ, ಐದು ರಾಗ

ಹಾರ್ಮೋನಿಯಮ್ಮಿನ ಒಂದು ಸ್ಥಾಯಿಯಲ್ಲಿ ಕರಿಮನೆಗಳು ಐದೇ. ಎಡಕ್ಕೆ ಎರಡರ ಜೋಡಿ, ಬಲಕ್ಕೆ ಮೂರರ ಗುಂಪು. ನುಡಿಸುವವರು ಇವನ್ನು ಎಡದಿಂದ ಎಣಿಸಿ ಕರಿ ಒಂದು, ಕರಿ ಎರಡು ಎಂದು ಕರೆಯುತ್ತಾರೆ. ಮೂರನೆಯ ಕರಿಮನೆಯನ್ನು ಷಡ್ಜವೆಂದು ಹಿಡಿದು ಬಿಳಿಮನೆಗಳನ್ನು ಮುಟ್ಟದೆ ಮೇಲೇರಿದರೆ ಸ ರಿ ಗ ಪ ದ ಎಂಬ ಐದು ಸ್ವರ ಸಿಗುತ್ತವೆ. ಅದೇ ಮೋಹನ. ಸಂಗೀತದ ಪಾಠಕ್ಕೆ ಹೋದ ಮಕ್ಕಳೆಲ್ಲ ‘ವರವೀಣಾ ಮೃದುಪಾಣಿ’ ಗೀತೆಯಲ್ಲಿ ಕಲಿಯುವ ರಾಗ. ‘ಮಾಯಾಬಜಾರ್’ (1957) ಚಿತ್ರದ ‘ಲಾಹಿರಿ ಲಾಹಿರಿ’ ಹಾಡು ತೇಲುವುದೂ ಇದರಲ್ಲೇ.

ಈಗ ಬೆರಳು ಅದೇ ಐದು ಮನೆಗಳ ಮೇಲೇ ಇರಲಿ, ಷಡ್ಜವನ್ನು ಮಾತ್ರ ಜರುಗಿಸಬೇಕು. ಕರಿ ನಾಲ್ಕು ಷಡ್ಜವಾದರೆ ಮಧ್ಯಮಾವತಿ ಹುಟ್ಟುತ್ತದೆ; ಕಛೇರಿಯ ಕೊನೆಯಲ್ಲಿ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಬಹಳ ಮಂದಿ ಹಾಡುವ ರಾಗ ಅದು. ಕರಿ ಐದರಿಂದ ಹೊರಟರೆ ಹಿಂದೋಳ, ತ್ಯಾಗರಾಜರ ‘ಸಾಮಜವರಗಮನ’. ಕರಿ ಒಂದರಿಂದ ಹೊರಟರೆ ಶುದ್ಧ ಸಾವೇರಿ, ‘ಆನಲೇಕರ’ ಗೀತೆಯದು. ಕರಿ ಎರಡರಿಂದ ಶುದ್ಧ ಧನ್ಯಾಸಿ, ಎಂ.ಎಲ್. ವಸಂತಕುಮಾರಿಯವರ ಕಂಠದಲ್ಲಿ ಮನೆಮಾತಾದ ಪುರಂದರದಾಸರ ‘ನಾರಾಯಣ ನಿನ್ನ ನಾಮದ’ ಪದ ಕೇಳಿಸುವುದು ಈ ರಾಗದಲ್ಲಿ. ಒಂದೇ ಸ್ವರಗುಚ್ಛದ ಷಡ್ಜವನ್ನು ಸರಿಸಿ ಬೇರೆ ರಾಗ ಪಡೆಯುವ ಈ ಕ್ರಮಕ್ಕೆ ಸಂಗೀತಗಾರರು ಗ್ರಹಭೇದ ಎನ್ನುತ್ತಾರೆ.

ಸಿನಿಮಾ ಹಾಡಿನ ರಾಗ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಹಾಡಿನ ಸ್ವರಗಳು ಯಾವುವೆಂದು ತಡಕಾಡಿ ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಸ್ವಲ್ಪ ಕೀಬೋರ್ಡ್ ಬಲ್ಲ ಹುಡುಗರೂ ಹಿಡಿಯುತ್ತಾರೆ. ಅವುಗಳಲ್ಲಿ ಷಡ್ಜ ಯಾವುದು ಎಂಬುದು ತಪ್ಪಿತೋ, ಐದೂ ಸ್ವರ ಸರಿಯಾಗಿದ್ದು ರಾಗದ ಹೆಸರು ಮಾತ್ರ ಪೂರ್ತಿ ತಪ್ಪು.

ಒಂದು ಹಾಡನ್ನೇ ಹಿಡಿದು ನೋಡಬಹುದು. ‘ಬೈಜು ಬಾವ್ರಾ’ (1952) ಚಿತ್ರಕ್ಕೆ ನೌಷಾದ್ ಸಂಯೋಜಿಸಿ ಮಹಮದ್ ರಫಿ ಹಾಡಿದ ‘ಮನ್ ತಡಪತ್ ಹರಿ ದರ್ಶನ್ ಕೋ ಆಜ್’. ಮೊದಲ ಕೆಲಸ, ವಾದ್ಯವೃಂದವನ್ನು ಕಿವಿಯಿಂದ ಹೊರಗಿಟ್ಟು ಗಾಯಕನ ದನಿಯನ್ನಷ್ಟೇ ಹಿಂಬಾಲಿಸುವುದು. ನಡುವಣ ವಾದ್ಯಭಾಗಗಳಲ್ಲಿ ಸಂಯೋಜಕರು ಬೇಕಾದ ಸ್ವರ ಸೇರಿಸಿಕೊಳ್ಳುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿದರೆ ಯಾವ ರಾಗವೂ ಕೈಗೆ ಸಿಗದು. ಎರಡನೆಯದು, ಪಲ್ಲವಿ ಮುಗಿದಾಗ ದನಿ ಎಲ್ಲಿ ಬಂದು ಕೂರುತ್ತದೆ ಎಂದು ಗಮನಿಸಿ ಆ ಸ್ವರವನ್ನು ಬಾಯಲ್ಲಿ ಗುನುಗುತ್ತ ಹಿಡಿದುಕೊಳ್ಳುವುದು. ಅದಾದ ಮೇಲೆ ಅದಕ್ಕೆ ಹೊಂದುವ ಮನೆಯನ್ನು ಹಾರ್ಮೋನಿಯಮ್ಮಿನಲ್ಲೋ ಕೀಬೋರ್ಡಿನಲ್ಲೋ ಹುಡುಕಬೇಕು. ಹಳೆಯ ಹಾಡುಗಳಲ್ಲಿ ಇಲ್ಲೊಂದು ತೊಡಕು ಉಂಟು. ಧ್ವನಿಮುದ್ರಿಕೆ ತಿರುಗಿದ ವೇಗದಲ್ಲಿ ಚೂರು ಹೆಚ್ಚುಕಡಿಮೆಯಾಗಿದ್ದರೆ ಹಾಡು ಬಿಳಿಗೂ ಕರಿಗೂ ನಡುವೆ ಬಂದು ನಿಲ್ಲುತ್ತದೆ, ಯಾವ ಮನೆ ಒತ್ತಿದರೂ ಕಿರಿಕಿರಿಯಾಗುತ್ತದೆ. ಆಗ ಹಾಡಿನ ಎತ್ತರವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಮನೆಗೆ ಕೂಡಿಸಿಕೊಳ್ಳದೆ ಮುಂದೆ ಹೋಗಬಾರದು.

ಹಾಡು ಕರಿ ಐದರ ಶ್ರುತಿಗೆ ಕೂಡಿತು ಎಂದಿಟ್ಟುಕೊಳ್ಳೋಣ. ದನಿ ಓಡಾಡುವ ಜಾಗವೆಲ್ಲ ಕರಿಮನೆಗಳೇ ಎಂಬುದು ಬೇಗ ಗೊತ್ತಾಗುತ್ತದೆ. ಆದರೆ ಅದು ಮತ್ತೆ ಮತ್ತೆ ಒತ್ತಿ ನಿಲ್ಲುವ ಒಂದು ಸ್ವರ ಕರಿ ಎರಡರಲ್ಲಿದೆ. ಅಷ್ಟು ಹೊತ್ತು ನಿಂತದ್ದೇ ಷಡ್ಜ ಎಂದು ತೀರ್ಮಾನಿಸಿದವರ ಕೈಗೆ ಶುದ್ಧ ಧನ್ಯಾಸಿ ಸಿಗುತ್ತದೆ. ನಿಜದಲ್ಲಿ ಅದು ಮಧ್ಯಮ. ಈ ಹಾಡಿನ ರಾಗ ಮಾಲ್‌ಕೌನ್ಸ್, ನಮ್ಮ ಹಿಂದೋಳ. ಮಾಲ್‌ಕೌನ್ಸಿಗೆ ಮಧ್ಯಮವೇ ವಾದಿಸ್ವರ, ಎಂದರೆ ರಾಗದ ಯಜಮಾನ. ಗಾಯಕರು ಅಲ್ಲಿ ನಿಲ್ಲಲೇಬೇಕು.

ಈ ಗೊಂದಲವನ್ನು ಶ್ರುತಿಪೆಟ್ಟಿಗೆ ಅರ್ಧ ಪರಿಹರಿಸುತ್ತದೆ. ಅರ್ಧ ಮಾತ್ರ. ತಪ್ಪು ಷಡ್ಜವಾದ ಕರಿ ಎರಡರಲ್ಲಿ ಸ-ಪ ಶ್ರುತಿ ಹಾಕಿದರೆ ಹಾಡು ಚೆನ್ನಾಗಿಯೇ ಹೊಂದುತ್ತದೆ. ಕಾರಣ ಇಷ್ಟೆ: ಹಿಂದೋಳದ ಮಧ್ಯಮ ಷಡ್ಜಗಳೆರಡೂ ಶುದ್ಧ ಧನ್ಯಾಸಿಯಲ್ಲಿ ಷಡ್ಜ ಪಂಚಮಗಳಾಗಿ ಕೂತುಬಿಡುತ್ತವೆ, ಅಪಶ್ರುತಿಗೆ ಅವಕಾಶವೇ ಇಲ್ಲ. ಹಾಗಾಗಿ ಪರೀಕ್ಷೆಯನ್ನು ಇನ್ನೊಂದು ಕಡೆಯಿಂದ ಮಾಡಬೇಕು. ಕರಿ ಐದರಲ್ಲಿ ಸ-ಪ ಹಾಕಿ ಕೇಳಿದರೆ ಪಂಚಮ ಒಂದು ಬಿಳಿಮನೆಯ ಮೇಲೆ ಬೀಳುತ್ತದೆ, ಹಾಡಿನುದ್ದಕ್ಕೂ ಕಲ್ಲಿನ ಹಾಗೆ ಅಡ್ಡ ಬರುತ್ತದೆ. ಪಂಚಮ ತೆಗೆದು ಸ-ಮ ಶ್ರುತಿ ಹಾಕಿದ ಕೂಡಲೇ ಎಲ್ಲ ಒಂದಾಗುತ್ತದೆ. ಹಿಂದೋಳದಲ್ಲಿ ಪಂಚಮ ಇಲ್ಲವಲ್ಲ. ಮಾಲ್‌ಕೌನ್ಸ್ ಹಾಡುವವರು ತಂಬೂರಿಯನ್ನು ಪಂಚಮಕ್ಕೆ ಬದಲು ಮಧ್ಯಮಕ್ಕೆ ಶ್ರುತಿ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ. ಇಷ್ಟಾದರೂ ಎರಡು ಉತ್ತರ ಉಳಿದುಕೊಂಡರೆ ಕೊನೆಯ ತೀರ್ಪು ಹಾಡಿನ ಮುಕ್ತಾಯದ್ದು. ಮಧ್ಯಮದಲ್ಲಿ ನಿಂತ ಸಾಲು ಮುಂದೇನೋ ಬಾಕಿ ಇದೆ ಅನ್ನಿಸುತ್ತದೆ. ಗಾಂಧಾರ ಮುಟ್ಟಿ ಷಡ್ಜಕ್ಕೆ ಇಳಿದ ಸಾಲಿನಲ್ಲಿ ಬಾಕಿ ಉಳಿಯುವುದಿಲ್ಲ.

ರಾಗದ ಹೆಸರು ಸಿಕ್ಕಿದ ಮೇಲೆ ಅದರ ಒಡಹುಟ್ಟಿದ ಹಾಡುಗಳನ್ನು ಹುಡುಕುವ ಸರದಿ. ಸಂಗೀತ ಬಲ್ಲವರು ಪ್ರತಿ ರಾಗಕ್ಕೂ ಒಂದು ಗೀತೆಯನ್ನೋ ಕೃತಿಯನ್ನೋ ಮನಸ್ಸಿನಲ್ಲಿ ಗುರುತಾಗಿ ಇಟ್ಟುಕೊಂಡಿರುತ್ತಾರೆ. ಅನುಮಾನ ಬಂದ ಸಿನಿಮಾ ಹಾಡಿನ ಒಂದು ಸಾಲು ಹಾಡಿ, ಶ್ರುತಿ ಬಿಡದೆ, ಉಸಿರು ಕಡಿಯದೆ ‘ಸಾಮಜವರಗಮನ’ಕ್ಕೆ ದಾಟಿ ನೋಡುತ್ತಾರೆ. ಎಲ್ಲೂ ತಡವರಿಸದಿದ್ದರೆ ಎರಡೂ ಒಂದೇ ರಾಗದವು ಎನ್ನಲು ಬಲವಾದ ಆಧಾರ ಸಿಕ್ಕಂತೆ. ‘ನವರಂಗ್’ (1959) ಚಿತ್ರಕ್ಕೆ ಸಿ. ರಾಮಚಂದ್ರ ಕೊಟ್ಟ ‘ಆಧಾ ಹೈ ಚಂದ್ರಮಾ’ ಈ ದಾಟುವಿಕೆಗೆ ಸುಲಭವಾಗಿ ಒಗ್ಗುತ್ತದೆ. ‘ಸಾಗರ ಸಂಗಮಂ’ (1983) ಚಿತ್ರದಲ್ಲಿ ಇಳಯರಾಜ ಕೊಟ್ಟ ‘ಓಂ ನಮಃ ಶಿವಾಯ’ವೂ ಹಾಗೆಯೇ. ಬೈಜುವಿನದು ಆರ್ತ ಮೊರೆ, ನವರಂಗಿನದು ಪ್ರಣಯದ ಯುಗಳಗೀತೆ, ಮೂರನೆಯದು ನೃತ್ಯ. ಭಾವ ನೋಡಿ ರಾಗ ಹೇಳುತ್ತೇವೆ ಎನ್ನುವವರನ್ನು ಈ ಮೂರು ಹಾಡುಗಳ ಮುಂದೆ ಕೂರಿಸಬೇಕು. ಲಯ, ವೇಗ, ಸಾಹಿತ್ಯ ಮೂರೂ ಸೇರಿ ಭಾವವನ್ನು ಎಷ್ಟು ದೂರ ಬೇಕಾದರೂ ಕೊಂಡೊಯ್ಯುತ್ತವೆ, ಸ್ವರಗಳು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ.

ಕೆಲವೊಮ್ಮೆ ಸಿನಿಮಾದವರೇ ಕೆಲಸ ಹಗುರ ಮಾಡಿಕೊಡುತ್ತಾರೆ. ತ.ರಾ.ಸು. ಕಾದಂಬರಿಯನ್ನು ಆಧರಿಸಿದ ‘ಹಂಸಗೀತೆ’ಯಲ್ಲಿ ಬಾಲಮುರಳಿಕೃಷ್ಣ ಹಾಡಿದ ‘ಹಿಮಾದ್ರಿಸುತೇ’ ಶ್ಯಾಮಾಶಾಸ್ತ್ರಿಗಳ ಕೃತಿ. ಕಲ್ಯಾಣಿ ಎಂದು ಕಣ್ಣು ಮುಚ್ಚಿ ಹೇಳಬಹುದು.

ಹೋಲಿಕೆಯ ಹಾಡು ಹುಡುಕುವಾಗ ಇಳಿಕೆಯನ್ನು ಮರೆತರೆ ಇನ್ನೊಂದು ಹಳ್ಳ ಕಾದಿರುತ್ತದೆ. ‘ಹಮ್ ದೋನೋಂ’ (1961) ಚಿತ್ರದಲ್ಲಿ ಲತಾ ಹಾಡಿದ, ಜೈದೇವ್ ಸಂಯೋಜನೆಯ ‘ಪ್ರಭು ತೇರೋ ನಾಮ್’ ಧಾನಿ ರಾಗದ್ದು, ನಮ್ಮ ಶುದ್ಧ ಧನ್ಯಾಸಿಯ ಹತ್ತಿರದ ನೆಂಟ. ‘ಮೇರಾ ಸಾಯಾ’ (1966) ಚಿತ್ರಕ್ಕಾಗಿ ಮದನ್ ಮೋಹನ್ ಅದೇ ಲತಾ ಕಂಠದಲ್ಲಿ ಹಾಡಿಸಿದ ‘ನೈನೋಂ ಮೇ ಬದರಾ ಛಾಯೇ’ ಏರುವಾಗ ಅದೇ ಮೆಟ್ಟಿಲುಗಳನ್ನು ಹತ್ತುತ್ತದೆ: ಸ ಗ ಮ ಪ ನಿ ಸ. ಕೇಳಿದವರಿಗೆ ಎರಡೂ ಒಂದೇ ರಾಗ ಎನ್ನಿಸಿದರೆ ಆಶ್ಚರ್ಯವಿಲ್ಲ. ಮೇಲಿನಿಂದ ಇಳಿಯುವಾಗ ಎರಡನೆಯ ಹಾಡು ಧೈವತವನ್ನೂ ರಿಷಭವನ್ನೂ ಮುಟ್ಟುತ್ತದೆ, ಐದು ಸ್ವರಗಳ ಎಣಿಕೆ ಅಲ್ಲಿಗೆ ಏಳಾಯಿತು. ಅದು ಭೀಮ್‌ಪಲಾಸ್, ಕರ್ನಾಟಕ ಸಂಗೀತದಲ್ಲಿ ಅದರ ಜೋಡಿ ‘ನಗುಮೋಮು’ ಕೃತಿಯ ಆಭೇರಿ. ಕರಿಮನೆಗಳ ಮೇಲೆ ನುಡಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಏರಿಕೆಯಲ್ಲಿ ಕರಿ ಬಿಡದ ಬೆರಳು ಇಳಿಕೆಯಲ್ಲಿ ಎರಡು ಸಲ ಬಿಳಿಗೆ ಜಾರುತ್ತದೆ. ಹೀಗೆ ಜಾರುವುದು ಹಾಡಿನುದ್ದಕ್ಕೂ ಇಳಿಕೆಯಲ್ಲಿ ಮರುಕಳಿಸಿದರೆ ಅದು ರಾಗದ ಲಕ್ಷಣ. ಎಲ್ಲೋ ಒಂದು ಚರಣದಲ್ಲಿ ಒಮ್ಮೆ ಬಂದು ಹೋಯಿತೆಂದರೆ ಸಂಯೋಜಕರು ಸೊಗಸಿಗೆ ಸೇರಿಸಿಕೊಂಡ ಅನ್ಯಸ್ವರ. ಅದಕ್ಕಾಗಿ ರಾಗದ ಹೆಸರು ಬದಲಾಯಿಸಬೇಕಿಲ್ಲ.

ಉತ್ತರಾದಿ ಹಾಡುಗಳ ಪಟ್ಟಿಯೊಂದಿಗೆ ದಕ್ಷಿಣಾದಿಯ ಪಟ್ಟಿಯನ್ನು ಜೋಡಿಸುವವರು ಹೆಸರುಗಳನ್ನು ನಂಬಬಾರದು. ಮೋಹನಕ್ಕೆ ಭೂಪ್, ಶುದ್ಧ ಸಾವೇರಿಗೆ ದುರ್ಗಾ ಎಂದು ಹೊಂದಿಸುತ್ತ ಹೋದವರು ಹಿಂದೋಳಕ್ಕೆ ಬಂದು ಹಿಂದೂಸ್ತಾನಿಯ ಹಿಂಡೋಲ್ ಎಂದು ಬರೆದುಬಿಟ್ಟರೆ ಕೆಲಸ ಕೆಟ್ಟಿತು. ಹಿಂಡೋಲ್ ತೀವ್ರ ಮಧ್ಯಮದ ಬೇರೆಯದೇ ರಾಗ. ತೋಡಿಯದೂ ಇದೇ ಕತೆ. ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ನಮ್ಮ ತೋಡಿಯ ಸ್ವರಗಳನ್ನು ಅವರು ಭೈರವಿ ಎಂದು ಕರೆಯುತ್ತಾರೆ. ನಮ್ಮ ಭೈರವಿಯಂತೂ ಇನ್ನೊಂದು. ಧಾರವಾಡದ ಕಡೆಯ ಕೇಳುಗರೂ ಮೈಸೂರಿನ ಕಡೆಯ ಕೇಳುಗರೂ ಒಂದೇ ಹಾಡಿನ ಬಗ್ಗೆ ಮಾತಿಗೆ ಕೂತರೆ ಮೊದಲು ಯಾವ ಪದ್ಧತಿಯ ಹೆಸರು ಎಂದು ಕೇಳಿಕೊಳ್ಳುವುದು ಕ್ಷೇಮ.

ಷಡ್ಜ ಸರಿ, ಸ್ವರ ಸರಿ, ಏರಿಳಿತ ಸರಿ, ಪದ್ಧತಿಯೂ ಸರಿ. ಆದರೂ ಒಮ್ಮತ ಬಾರದ ಹಾಡುಗಳಿವೆ. ‘ಭಾಭೀ ಕೀ ಚೂಡಿಯಾಂ’ (1961) ಚಿತ್ರಕ್ಕೆ ಸುಧೀರ್ ಫಡ್ಕೆ ಸಂಯೋಜಿಸಿದ ‘ಜ್ಯೋತಿ ಕಲಶ್ ಛಲ್‌ಕೇ’ ಅಂಥದ್ದು. ಬಹುಮಂದಿ ಅದನ್ನು ಭೂಪ್ ಎನ್ನುತ್ತಾರೆ, ಕೆಲವರು ದೇಶ್‌ಕಾರ್ ಎಂದು ಪಟ್ಟು ಹಿಡಿಯುತ್ತಾರೆ. ಎರಡಕ್ಕೂ ಸ ರಿ ಗ ಪ ದ ಎಂಬ ಅವೇ ಐದು ಸ್ವರ. ಭೂಪ್ ಸಂಜೆಯ ನಂತರದ ರಾಗ, ಗಾಂಧಾರದಲ್ಲಿ ನೆಲೆ ನಿಂತು ಸ್ಥಾಯಿಯ ಕೆಳಭಾಗದಲ್ಲಿ ಹೆಚ್ಚು ಓಡಾಡುತ್ತದೆ. ದೇಶ್‌ಕಾರ್ ಬೆಳಗಿನದು, ಧೈವತವನ್ನು ಹಿಡಿದು ಮೇಲ್ಭಾಗದಲ್ಲಿ ಆಡುತ್ತದೆ. ಹಾಡಿನ ಸಾಹಿತ್ಯ ವರ್ಣಿಸುವುದು ಮುಂಜಾವನ್ನು, ಹಾಗಾಗಿ ದೇಶ್‌ಕಾರ್ ಎನ್ನುವವರ ಆಸೆಯಲ್ಲಿ ಅರ್ಥವಿದೆ. ಹಾರ್ಮೋನಿಯಂ ಈ ಜಗಳದಲ್ಲಿ ಯಾರ ಪರವಾಗಿಯೂ ಸಾಕ್ಷಿ ಹೇಳದು. ಪಲ್ಲವಿ ಹಾಡುವಾಗ ಗಾಂಧಾರಕ್ಕೆ ಎಷ್ಟು ಹೊತ್ತು ಸಂದಿತು, ಧೈವತಕ್ಕೆ ಎಷ್ಟು ಎಂದು ಕಿವಿಯೇ ಅಳೆಯಬೇಕು, ಸಾಹಿತ್ಯವನ್ನು ಪಕ್ಕಕ್ಕಿಟ್ಟು.